ವಿಳಂಬಶುಲ್ಕದ ಷರತ್ತು

ಜನರೇಟರು, ಯು.ಪಿ.ಎಸ್. ಮೊದಲಾದ ಯಂತ್ರಗಳನ್ನು ವಾರ್ಷಿಕ ಒಪ್ಪಂದದ ಮೇಲೆ ನೋಡಿಕೊಳ್ಳುವ ಸಣ್ಣದೊಂದು ಪಾಲುದಾರಿಕೆ ಸಂಸ್ಥೆಯಲ್ಲಿ ಲೆಕ್ಕಪತ್ರದ ಹೊಣೆಯನ್ನು ಬಹುಕಾಲ ಹೊತ್ತ ನನಗೆ, ಒಪ್ಪಂದಪತ್ರದ ಷರತ್ತುಗಳಲ್ಲೆಲ್ಲ ಸಹಿ ಹಾಕುವಾಗ ಯಾರೂ ಓದದಿರುವುದೂ, ಓದಬೇಕಾಗಿ ಬಂದಾಗ ಎಲ್ಲಕ್ಕಿಂತ ಹೆಚ್ಚು ಮನಸ್ತಾಪ ತರುವುದೂ ವಿಳಂಬಶುಲ್ಕದ ಷರತ್ತೊಂದೇ ಎಂಬುದು ಕ್ರಮೇಣ ಮನವರಿಕೆಯಾಯಿತು. ನಮ್ಮಲ್ಲಿ ಬಹಳ ಹಿಂದಿನಿಂದ ಅಚ್ಚಾಗುತ್ತ ಬಂದಿದ್ದ ಷರತ್ತು ಹೀಗಿತ್ತು: ‘ನಿಗದಿತ ಅವಧಿಯೊಳಗೆ ಹಣ ಸಂದಾಯ ಮಾಡದಿದ್ದಲ್ಲಿ ಮಾಸಿಕ ಶೇ. 2ರಂತೆ ದಂಡ ವಿಧಿಸಲಾಗುವುದು. ಮುನ್ಸೂಚನೆಯಿಲ್ಲದೆ ಸೇವೆಯನ್ನು ಸ್ಥಗಿತಗೊಳಿಸಲಾಗುವುದು. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.’ ಪೊಲೀಸು ಠಾಣೆಯ ಫಲಕದಂತೆ ಗದರಿಸುವ ಈ ಮೂರು ವಾಕ್ಯಗಳಲ್ಲಿ ಗ್ರಾಹಕನಿಗೆ ನಿಜವಾಗಿ ಬೇಕಾದ ವಿಷಯ ಒಂದೂ ಇರಲಿಲ್ಲ. ಅವಧಿ ಯಾವ ದಿನದಿಂದ ಮೊದಲಾಗುತ್ತದೆ, ಬಿಲ್ಲಿನ ತಾರೀಖಿನಿಂದಲೋ ಬಿಲ್ಲು ಕೈಸೇರಿದ ದಿನದಿಂದಲೋ. ಎರಡು ಶೇಕಡ ಎಂಬುದು ಯಾವ ಮೊತ್ತದ ಮೇಲೆ, ತೆರಿಗೆ ಸೇರಿಸಿಯೋ ಬಿಟ್ಟೋ. ಮೂರು ದಿನ ತಡವಾದರೆ ಮೂರು ದಿನದ್ದೋ, ಇಡೀ ತಿಂಗಳಿನದೋ. ದಂಡದ ಮೇಲೆ ಮತ್ತೆ ದಂಡವುಂಟೋ ಎಂಬ ಇವಾವುದಕ್ಕೂ ಅಲ್ಲಿ ಉತ್ತರವಿರಲಿಲ್ಲ.

ಗದರಿಕೆಯ ಮಾತಿಗಿಂತ ಈ ಅಸ್ಪಷ್ಟತೆಯೇ ಜನರನ್ನು ಹೆಚ್ಚು ಕೆರಳಿಸುತ್ತದೆಂಬುದನ್ನು ನಾನು ಕಂಡುಕೊಂಡದ್ದು ವಿಶ್ವಸ್ತ ಮಂಡಲಿಯೊಂದು ನಡೆಸುತ್ತಿದ್ದ ಶಾಲೆಯ ಲೆಕ್ಕದಲ್ಲಿ. ಮೂರು ತಿಂಗಳಿಗೊಮ್ಮೆ ಅವರಿಗೆ ಹೋಗುತ್ತಿದ್ದ ಬಿಲ್ಲು 30,000 ರೂಪಾಯಿ, ಅದಕ್ಕೆ ಶೇ. 18ರ ಜಿ.ಎಸ್.ಟಿ. 5,400 ಸೇರಿ 35,400. ಗುತ್ತಿಗೆಯ ಹಣ ಕೊಡುವಾಗ ಶೇ. 2ರಷ್ಟನ್ನು ಮೂಲದಲ್ಲಿಯೇ ಕಡಿದು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವುದು ಅವರ ಕರ್ತವ್ಯವಾದುದರಿಂದ, ತೆರಿಗೆ ಬಿಟ್ಟ ಮೊತ್ತದ ಮೇಲೆ 600 ರೂಪಾಯಿ ಟಿ.ಡಿ.ಎಸ್. ಹಿಡಿದು ಉಳಿದ 34,800ಕ್ಕೆ ಅವರು ಚೆಕ್ಕು ಬರೆಯುತ್ತಿದ್ದರು. ನಮ್ಮ ಗಣಕಯಂತ್ರದ ಲೆಕ್ಕವಾದರೋ ಆ 600 ರೂಪಾಯಿಯನ್ನು ಬಾಕಿಯೆಂದೇ ಉಳಿಸಿಕೊಂಡು, ತಿಂಗಳು ತಿಂಗಳಿಗೆ ಅದರ ಮೇಲೆ 12 ರೂಪಾಯಿ ಏರಿಸುತ್ತಿತ್ತು. ಒಮ್ಮೆ ಹಣ 24 ದಿನ ತಡವಾದಾಗ, ತೆರಿಗೆಯೂ ಸೇರಿದ ಪೂರ್ತಿ 35,400ರ ಮೇಲೆ ಇಡೀ ತಿಂಗಳಿನ ದಂಡವೆಂದು 708 ರೂಪಾಯಿಯ ಪತ್ರ ಹೋಯಿತು. ಅದನ್ನು ವಿವರಿಸಲೆಂದು ಹೋದ ನನ್ನನ್ನು ಆ ಶಾಲೆಯ ಹಿರಿಯ ಗುಮಾಸ್ತರು ಕೂರಿಸಿ, ಚಹಾ ತರಿಸಿ, ‘ನೋಡಿ ಸ್ವಾಮಿ, ಹಣ ಕೊಡುವುದಿಲ್ಲವೆಂದು ಇಲ್ಲಿ ಯಾರಾದರೂ ಹೇಳಿದರೆ? ನಿಮ್ಮ ಮೆಕ್ಯಾನಿಕ್ ಸರ್ವಿಸ್ ರಿಪೋರ್ಟಿಗೆ ನಮ್ಮ ಸಹಿ ತೆಗೆದುಕೊಳ್ಳದೆ ಹೋದ. ರಿಪೋರ್ಟಿಲ್ಲದೆ ಬಿಲ್ಲು ಪಾಸಾಗದು. ಅದು ಬರುವಷ್ಟರಲ್ಲಿ ಖಜಾಂಚಿಗಳು ಊರಿಗೆ ಹೋಗಿದ್ದರು. ಚೆಕ್ಕಿಗೆ ಎರಡು ಸಹಿ ಬೀಳಬೇಕು’ ಎಂದರು. ಟಿ.ಡಿ.ಎಸ್. ಕಟ್ಟಿದ ಚಲನ್ನುಗಳ ಪ್ರತಿಗಳನ್ನೂ ಅವರು ಕಡತದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

ವಿಳಂಬವೆಂಬುದು ಬಹುಮಟ್ಟಿಗೆ ಕಾಗದ ಹೋಗುವ ದಾರಿಯಲ್ಲಿ ಹುಟ್ಟುತ್ತದೆಯೇ ಹೊರತು ಕೊಡುವವನ ಮನಸ್ಸಿನಲ್ಲಿ ಅಲ್ಲ ಎಂಬುದು ಅಂದಿನಿಂದ ನನಗೆ ಷರತ್ತು ಬರೆಯುವ ಮೊದಲನೆಯ ಸೂತ್ರವಾಯಿತು. ಆದಕಾರಣ ಹೊಸ ಷರತ್ತನ್ನು ಬರೆಯಲು ಕುಳಿತಾಗ ಶುಲ್ಕದ ದರವನ್ನು ಆಮೇಲೆ ನೋಡೋಣವೆಂದು ಬದಿಗಿಟ್ಟು, ದಿನಗಣನೆ ಎಲ್ಲಿಂದ ಎಂಬುದನ್ನು ಮೊದಲು ನಿರ್ಧರಿಸಿದೆ. ಸಹಿಯಾದ ಸರ್ವಿಸ್ ರಿಪೋರ್ಟಿನೊಡನೆ ಬಿಲ್ಲು ತಲುಪಿದ ದಿನವೇ ಆರಂಭ. ಅಲ್ಲಿಂದ 30 ದಿನ. ಅದರ ಮೇಲೆ 7 ದಿನ ಶುಲ್ಕವಿಲ್ಲದ ಕಾಲಾವಕಾಶ. ಈ ಏಳು ದಿನ ಮೀರಿದರೆ ಹಿಂದಿನ ದಿನಗಳನ್ನೂ ಸೇರಿಸಿ ಎಣಿಸುವ ಪದ್ಧತಿ ಹಲವೆಡೆ ಉಂಟು. ಆದರೆ ಎಂಟನೆಯ ದಿನ ಹಣ ಕೊಟ್ಟವನಿಗೆ ಒಮ್ಮೆಲೇ ಎಂಟು ದಿನದ ಶುಲ್ಕ ಬಂದರೆ ಅವಕಾಶ ಕೊಟ್ಟದ್ದೇ ಬಲೆಯೊಡ್ಡಿದಂತೆ ತೋರುವುದರಿಂದ, ಎಣಿಕೆ ಎಂಟನೆಯ ದಿನದಿಂದಲೇ ಆಗತಕ್ಕದ್ದೆಂದು ಬರೆದೆವು.

ದರದ ವಿಷಯದಲ್ಲಿ ಕಾನೂನನ್ನು ಕೊಂಚ ನೋಡಬೇಕಾಯಿತು. 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣವು, ಕರಾರು ಮುರಿದವನಿಂದ ಇಷ್ಟು ಮೊತ್ತವೆಂದು ಮೊದಲೇ ಬರೆದುಕೊಂಡಿದ್ದರೂ, ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರ ಮಾತ್ರ ದೊರೆಯತಕ್ಕದ್ದೆಂದು ಹೇಳುತ್ತದೆ. ತಪ್ಪಿದ ದಿನದಿಂದ ಏರಿಸಿದ ಬಡ್ಡಿಯನ್ನು ಸಹ ದಂಡವೆಂದು ಎಣಿಸಬಹುದೆಂಬ ವಿವರಣೆ ಅದರಲ್ಲಿಯೇ ಉಂಟು. ಅಂದಮೇಲೆ ಕಾಗದದ ಮೇಲೆ ಎಷ್ಟು ದೊಡ್ಡ ಅಂಕಿಯನ್ನು ಬರೆದರೂ ನ್ಯಾಯಾಲಯದಲ್ಲಿ ಅದು ಹಾಗೆಯೇ ಕೈಗೆ ಬರುವುದೆಂಬ ಭರವಸೆಯಿಲ್ಲ. ಬ್ಯಾಂಕುಗಳು ಸಹ ದಂಡರೂಪದ ಬಡ್ಡಿಯನ್ನು ಬಿಟ್ಟು ಬೇರೆಯಾದ ಶುಲ್ಕವನ್ನಷ್ಟೇ ಹಾಕಬೇಕೆಂದೂ, ಆ ಶುಲ್ಕವನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸಕೂಡದೆಂದೂ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ವಿಧಿಸಿತು. ಆ ನಿಯಮ ನಮ್ಮಂತಹವರಿಗೆ ಅನ್ವಯಿಸದಿದ್ದರೂ ಅದರ ಕ್ರಮ ನನಗೆ ಒಪ್ಪಿತವಾಗಿ, ಶುಲ್ಕದ ಮೇಲೆ ಶುಲ್ಕವಿಲ್ಲವೆಂಬ ವಾಕ್ಯವನ್ನು ಅಲ್ಲಿಂದಲೇ ಕಲಿತುಕೊಂಡೆ.

ಶೇಕಡಾವಾರು ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಬಲ್ಲವರು ಕಡಿಮೆ. ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು ಎಂಬುದು ಸಹಿ ಹಾಕುವವನಿಗೆ ಹೊಳೆಯದೆ ಹೋಗುವುದೂ, ಆಮೇಲೆ ಹೊಳೆದಾಗ ತಾನು ವಂಚಿತನಾದೆನೆಂದು ಅವನಿಗೆ ಅನಿಸುವುದೂ ಸ್ವಾಭಾವಿಕ. ಆದುದರಿಂದ ರೂಪಾಯಿಯಲ್ಲಿಯೇ ಬರೆದೆವು. ಕೊನೆಗೆ ಸಿದ್ಧವಾದ ಷರತ್ತು ಇದು:

‘ಸಹಿಯಾದ ಸರ್ವಿಸ್ ರಿಪೋರ್ಟಿನೊಡನೆ ಬಿಲ್ಲು ನಿಮಗೆ ತಲುಪಿದ ದಿನದಿಂದ 30 ದಿನಗಳೊಳಗೆ ಹಣ ಕೊಡಬೇಕೆಂದು ಕೋರುತ್ತೇವೆ. ಕೊನೆಯ ದಿನದ ತಾರೀಖನ್ನು ಬಿಲ್ಲಿನ ಮೇಲೆಯೇ ಬರೆದಿರುತ್ತದೆ. ಅನಂತರದ 7 ದಿನಗಳಿಗೆ ಶುಲ್ಕವಿಲ್ಲ. ಎಂಟನೆಯ ದಿನದಿಂದ, ಜಿ.ಎಸ್.ಟಿ. ಬಿಟ್ಟು ಉಳಿದ ಬಾಕಿಯ ಪ್ರತಿ 10,000 ರೂಪಾಯಿಗೆ ದಿನಕ್ಕೆ 5 ರೂಪಾಯಿಯಂತೆ ವಿಳಂಬಶುಲ್ಕವಿರುತ್ತದೆ; ಆ ಶುಲ್ಕಕ್ಕೆ ಜಿ.ಎಸ್.ಟಿ. ಪ್ರತ್ಯೇಕ. ಶುಲ್ಕದ ಮೇಲೆ ಶುಲ್ಕವಿಲ್ಲ. ಒಟ್ಟು ಶುಲ್ಕವು ಬಾಕಿಯ ಶೇ. 6ನ್ನು ಮೀರುವುದಿಲ್ಲ. ಟಿ.ಡಿ.ಎಸ್. ಎಂದು ನೀವು ಕಡಿದು ಕಟ್ಟಿದ ಮೊತ್ತ ಬಾಕಿಯಲ್ಲ. ಬಿಲ್ಲಿನಲ್ಲಿ ತಪ್ಪು ಕಂಡರೆ 10 ದಿನಗಳೊಳಗೆ ಬರೆದು ತಿಳಿಸಿರಿ. ಅದು ಇತ್ಯರ್ಥವಾಗುವವರೆಗೆ ಆ ಭಾಗಕ್ಕೆ ಶುಲ್ಕವಿಲ್ಲ.’

ಅದೇ ಶಾಲೆಯ ಲೆಕ್ಕವನ್ನು ಇದಕ್ಕೆ ಹಚ್ಚಿ ನೋಡೋಣ. ಏಪ್ರಿಲ್ 4ರಂದು ಬಿಲ್ಲು ತಲುಪಿದರೆ ಮೇ 4 ಕೊನೆಯ ದಿನ. ಮೇ 11ರವರೆಗೆ ಶುಲ್ಕವಿಲ್ಲ. ಚೆಕ್ಕು ಮೇ 28ರಂದು ಬಂದರೆ 12ರಿಂದ 28ರವರೆಗೆ 17 ದಿನ. 30,000ಕ್ಕೆ ದಿನಕ್ಕೆ 15 ರೂಪಾಯಿಯಂತೆ 255. ಅದರ ಮೇಲೆ ಶೇ. 18ರ ತೆರಿಗೆ 45 ರೂಪಾಯಿ 90 ಪೈಸೆ; ಒಟ್ಟು 300 ರೂಪಾಯಿ 90 ಪೈಸೆ. ಸೇವೆಗೆ ತಡವಾಗಿ ಬಂದ ಹಣದ ಶುಲ್ಕವೂ ಸೇವೆಯ ಬೆಲೆಯ ಒಂದು ಭಾಗವೆಂದೇ ಜಿ.ಎಸ್.ಟಿ. ಕಾನೂನು ಪರಿಗಣಿಸುವುದರಿಂದ ಈ ತೆರಿಗೆಯನ್ನು ಬಿಡುವಂತಿಲ್ಲ. ಆದರೆ ಶುಲ್ಕವು ಕೈಗೆ ಬಂದ ದಿನವೇ ತೆರಿಗೆಯ ದಿನವಾದುದರಿಂದ, ಬಾರದ ಶುಲ್ಕಕ್ಕೆ ನಾವು ಮುಂಗಡವಾಗಿ ತೆರಿಗೆ ಕಟ್ಟಬೇಕಾದ ಸಂಕಟವಿಲ್ಲ. ಮಿತಿಯೆಂದು ಬರೆದ ಶೇ. 6 ಈ ಬಾಕಿಗೆ 1,800 ರೂಪಾಯಿ, ಅಂದರೆ 120 ದಿನದ ಶುಲ್ಕ. ಅಲ್ಲಿಗೂ ಹಣ ಬಾರದಿದ್ದರೆ ಆ ರೋಗಕ್ಕೆ ದಿನಕ್ಕೆ ಹದಿನೈದು ರೂಪಾಯಿ ಮದ್ದಲ್ಲವೆಂದೇ ಅರ್ಥ.

ನಮ್ಮ ಪಾಲುದಾರರಲ್ಲಿ ಹಿರಿಯರಾದವರು ಇದನ್ನು ಓದಿ, ‘ಹಲ್ಲಿಲ್ಲದ ಷರತ್ತಾಯಿತಲ್ಲಪ್ಪ’ ಎಂದರು. ಅವರ ಆಕ್ಷೇಪ ನಿರಾಧಾರವಲ್ಲ. ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡಿದ್ದ ನಮ್ಮಂತಹ ಸಂಸ್ಥೆಗಳಿಗೆ 2006ರ ಎಂ.ಎಸ್.ಎಂ.ಇ. ಅಧಿನಿಯಮವು ಬಲವಾದ ಆಯುಧವನ್ನೇ ಕೊಟ್ಟಿದೆ: ಬರವಣಿಗೆಯ ಒಪ್ಪಂದವಿದ್ದರೂ, ಸೇವೆಯನ್ನು ಅಂಗೀಕರಿಸಿದ ದಿನದಿಂದ 45 ದಿನಗಳಿಗಿಂತ ಹೆಚ್ಚಿನ ಅವಧಿ ಸಲ್ಲದು, ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕೆಂಬುದು ಅವರ ಅಭಿಪ್ರಾಯ. ನನ್ನ ತೊಡಕು ಬೇರೆಯಾಗಿತ್ತು: ಶೇ. 6ರ ಮಿತಿಯನ್ನು ಒಂದು ಕೈಯಿಂದ ಕೊಟ್ಟು, ಕಾನೂನಿನ ಹೆಸರಿನಲ್ಲಿ ಮತ್ತೊಂದು ಕೈಯಿಂದ ಕಿತ್ತುಕೊಂಡರೆ ಷರತ್ತು ಸೌಮ್ಯವಾಯಿತೆಂಬುದು ಬರಿಯ ಸೋಗಾಗುತ್ತದೆ. ಆದರೆ ಕಾನೂನಿನ ಹಕ್ಕನ್ನು ಮುಚ್ಚಿಡುವುದೂ ಪ್ರಾಮಾಣಿಕವಲ್ಲ. ಬಹಳ ಚರ್ಚೆಯಾದ ಮೇಲೆ, ಆ ಅಧಿನಿಯಮದ ಮೊರೆಹೋಗುವುದಾದರೆ 15 ದಿನ ಮುಂಚಿತವಾಗಿ ಬರೆದು ತಿಳಿಸುವೆವೆಂದೂ, ಆಗ ಒಂದೇ ಅವಧಿಗೆ ಶುಲ್ಕವನ್ನೂ ಬಡ್ಡಿಯನ್ನೂ ಎರಡನ್ನೂ ಕೇಳುವುದಿಲ್ಲವೆಂದೂ, ಶೇ. 6ರ ಮಿತಿ ವಿಳಂಬಶುಲ್ಕಕ್ಕೆ ಮಾತ್ರ ಸಂಬಂಧಿಸಿದ್ದೆಂದೂ ಒಂದು ವಾಕ್ಯ ಸೇರಿಸಿದೆವು. ನಮ್ಮ 30 ದಿನವೂ 7 ದಿನವೂ ಸೇರಿ 37 ಆಗುವುದರಿಂದ, ಬಿಲ್ಲು ಸೇವೆಯಾದ ವಾರದೊಳಗೆ ಹೊರಡದಿದ್ದರೆ 45 ದಿನದ ಗಡುವನ್ನು ನಾವೇ ಅರ್ಥಹೀನ ಮಾಡಿಕೊಂಡಂತಾಗುತ್ತದೆಂಬುದು ಕೂಡ ಆಗಲೇ ಗಮನಕ್ಕೆ ಬಂದು, ಮೆಕ್ಯಾನಿಕ್ಕುಗಳಿಗೆ ಸಹಿಯಿಲ್ಲದ ರಿಪೋರ್ಟು ತರಕೂಡದೆಂಬ ಕಟ್ಟಪ್ಪಣೆ ಹೋಯಿತು. ಷರತ್ತಿನಿಂದ ಆದ ಅತಿ ದೊಡ್ಡ ಪ್ರಯೋಜನ ಬಹುಶಃ ಈ ಅಪ್ಪಣೆಯೇ.

ಸೇವೆಯನ್ನು ನಿಲ್ಲಿಸುವ ಮಾತನ್ನು ವಿಳಂಬಶುಲ್ಕದ ಷರತ್ತಿನಿಂದ ತೆಗೆದು ಬೇರೆಯ ಷರತ್ತು ಮಾಡಿದೆವು. ನಮ್ಮ ಗ್ರಾಹಕರಲ್ಲಿ ನರ್ಸಿಂಗ್ ಹೋಮುಗಳೂ ಇದ್ದುವು. ಮುನ್ಸೂಚನೆಯಿಲ್ಲದೆ ಜನರೇಟರನ್ನು ನೋಡದೆ ಬಿಡುತ್ತೇವೆಂದು ಅವರಿಗೆ ಬರೆಯುವುದು ಹಣದ ಮಾತಾಗಿ ಉಳಿಯದು. ಕೊನೆಯ ದಿನದಿಂದ 60 ದಿನ ಕಳೆದ ಮೇಲೆ, ಏಳು ದಿನದ ಲಿಖಿತ ಸೂಚನೆ ಕೊಟ್ಟು, ನಿಯತಕಾಲದ ಭೇಟಿಗಳನ್ನು ಮುಂದೂಡುವೆವು. ಯಂತ್ರ ಕೆಟ್ಟು ಕರೆ ಬಂದರೆ ಬರುವೆವು, ಆದರೆ ಆ ಭೇಟಿಯ ಹಣವನ್ನು ಅಂದೇ ಕೊಡಬೇಕು ಎಂಬುದು ಈಗಿನ ಬರವಣಿಗೆ.

ಇನ್ನು ಆಚರಣೆಯ ಮಾತು. ಷರತ್ತನ್ನು ಬರೆದು ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಮುಲಾಜಿನಿಂದ ಬಿಟ್ಟರೆ ಎರಡನೆಯ ವರ್ಷದಲ್ಲಿ ಅದನ್ನು ಯಾರಿಗೂ ಹಾಕಲಾಗದು; ಆದುದರಿಂದ ಮನ್ನಾ ಮಾಡಿದಾಗಲೂ ಲೆಕ್ಕವನ್ನು ಬಿಲ್ಲಿನಲ್ಲಿ ತೋರಿಸಿ, ಕೆಳಗೆ ‘ಈ ಬಾರಿ ಬಿಟ್ಟಿದೆ’ ಎಂದು ಬರೆದು, ಪಾಲುದಾರರಲ್ಲಿ ಒಬ್ಬರು ಸಹಿ ಹಾಕುವ ಪದ್ಧತಿಯನ್ನಿಟ್ಟುಕೊಂಡೆವು. ಕೊನೆಯ ದಿನಕ್ಕೆ ಮೂರು ದಿನ ಮುಂಚೆ, ಶುಲ್ಕದ ಹೆಸರನ್ನೇ ಎತ್ತದೆ, ಬಿಲ್ಲಿನ ಸಂಖ್ಯೆ, ಮೊತ್ತ, ತಾರೀಖು ಇಷ್ಟನ್ನೇ ತಿಳಿಸುವ ಸಂದೇಶವೊಂದು ಹೋಗುತ್ತದೆ. ಚೆಕ್ಕಾದರೆ ನಮ್ಮ ಕೈಗೆ ಬಂದ ದಿನವೇ ಸಂದಾಯದ ದಿನ, ಅದು ಮರಳಿದರೆ ಕೊಟ್ಟಿಲ್ಲವೆಂದೇ ಲೆಕ್ಕ. ಬ್ಯಾಂಕಿನ ಮೂಲಕವಾದರೆ ಖಾತೆಗೆ ಜಮೆಯಾದ ದಿನ.

ಸರ್ಕಾರಿ ಕಚೇರಿಗಳ ಮುಂದೆ ಮಾತ್ರ ಈ ಬರವಣಿಗೆ ಇಷ್ಟು ಸುಲಭವಾಗಿ ನಡೆಯಲಿಲ್ಲ. ಅಲ್ಲಿ ಬಿಲ್ಲಿನ ಹಣಕ್ಕೆ ಅನುದಾನ ಬಿಡುಗಡೆಯಾಗಬೇಕು. ವಿಳಂಬಶುಲ್ಕವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಖರ್ಚು ಹಾಕಲಿ, ಆಡಿಟಿನವರಿಗೆ ಏನು ಹೇಳಲಿ ಎಂದು ಕೇಳಿದ ಅಧಿಕಾರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕರೆಯುವ ಟೆಂಡರುಗಳಲ್ಲಿ ಷರತ್ತು ಅವರದೇ ಆಗಿರುವುದರಿಂದ, ದರವನ್ನು ನಮೂದಿಸುವಾಗಲೇ ಆ ತಡದ ಬೆಲೆಯನ್ನು ಎಣಿಸಿಕೊಳ್ಳುವುದು ಈಗ ನಮ್ಮ ಸಂಸ್ಥೆಯ ರೂಢಿ.