ಧಾರಕದ ಕಾಲ ಸ್ಥಿರಾಂಕ: ನಕ್ಷೆ ಬಾಗಿದಾಗ ಏನು ನೋಡಬೇಕು?

ಮೈಸೂರಿನ ಪಿಯು ಕಾಲೇಜೊಂದರಲ್ಲಿ ನನ್ನ ಅಭ್ಯಾಸ ಪಾಠಕ್ಕಾಗಿ 100 ಕಿಲೋಓಮ್ ರೋಧಕ ಮತ್ತು 10 ಮೈಕ್ರೋಫ್ಯಾರಡ್ ಧಾರಕವನ್ನು 5 ವೋಲ್ಟ್‌ಗೆ ಸರಣಿಯಲ್ಲಿ ಜೋಡಿಸಿ, ಧಾರಕದ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಿದೆವು. ಲೆಕ್ಕದ ಪ್ರಕಾರ ಕಾಲ ಸ್ಥಿರಾಂಕ 1 ಸೆಕೆಂಡ್.

ಪರದೆಯಿಂದ ಓದಿದ ಬಿಂದುಗಳು ಇವು: 0.5 ಸೆಕೆಂಡಿಗೆ 1.92 ವೋಲ್ಟ್, 1 ಸೆಕೆಂಡಿಗೆ 3.03, 2 ಸೆಕೆಂಡಿಗೆ 4.04, 3 ಸೆಕೆಂಡಿಗೆ 4.38.

ವಿದ್ಯಾರ್ಥಿಗಳು ಕಾಲಕ್ಕೆ ಎದುರಾಗಿ ln(5 − V) ನಕ್ಷೆ ಬರೆದರು. ಅದು ಸರಳರೇಖೆಯಾಗಲಿಲ್ಲ. ಮೊದಲ ಎರಡು ಬಿಂದುಗಳ ನಡುವೆ ಇಳಿಜಾರು 0.89, ಕೊನೆಯ ಎರಡರ ನಡುವೆ 0.44. "ಓದಿದ್ದೇ ತಪ್ಪಿರಬೇಕು ಮೇಡಂ" ಎಂದಳು ಒಬ್ಬಳು. ಬಿಂದುಗಳನ್ನು ತಿದ್ದಬೇಡಿ, ರೇಖೆ ಕೊನೆಗೆ ಎಲ್ಲಿ ನಿಂತಿದೆ ನೋಡಿ ಎಂದೆ. ಅದು 5ಕ್ಕೆ ಏರದೆ 4.55ರಲ್ಲೇ ನಿಂತಿತ್ತು.

ಕಾರಣ, ಆಸಿಲೋಸ್ಕೋಪಿಗೂ 1 ಮೆಗಾಓಮ್ ರೋಧವಿದೆ. ಅದು ಧಾರಕಕ್ಕೆ ಸಮಾಂತರವಾಗಿ ಕೂತು ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. ln(4.55 − V) ಬರೆದಾಗ ಇಳಿಜಾರು ಎಲ್ಲೆಡೆ ಸುಮಾರು 1.1 ಬಂತು; ಅಂದರೆ ಕಾಲ ಸ್ಥಿರಾಂಕ 0.91 ಸೆಕೆಂಡ್. ಎರಡು ರೋಧಗಳ ಸಮಾಂತರ ಬೆಲೆ 90.9 ಕಿಲೋಓಮ್, ಅದನ್ನು 10 ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೂ ಇದೇ ಉತ್ತರ.

3 ಸೆಕೆಂಡಿನ ನಂತರದ ಬಿಂದುಗಳನ್ನು ನಕ್ಷೆಗೆ ಸೇರಿಸಲಿಲ್ಲ. ಅಲ್ಲಿ ವ್ಯತ್ಯಾಸ ತೀರಾ ಚಿಕ್ಕದಾಗಿ, ಓದಿನ ಸಣ್ಣ ದೋಷವೂ ಲಾಗರಿದಮ್‌ನಲ್ಲಿ ದೊಡ್ಡದಾಗುತ್ತದೆ.