ನಾಲ್ವರ ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲು ಹೇಳುವುದು ಹೇಗೆ?

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ಸಾಮಾನ್ಯವಾಗಿ ಮೂರ್ನಾಲ್ಕು ಮಂದಿ ಸೇರಿ ಮಾಡುತ್ತಾರೆ. ಕ್ಯಾಂಪಸ್ ಸಂದರ್ಶನದ ಹೊತ್ತಿಗೆ ಅದು ಪ್ರತಿಯೊಬ್ಬರ ರೆಸ್ಯೂಮೆಯಲ್ಲೂ ಅವರೊಬ್ಬರದೇ ಕೆಲಸವಾಗಿಬಿಟ್ಟಿರುತ್ತದೆ. ಆ ನಾಲ್ಕೂ ರೆಸ್ಯೂಮೆಗಳು ಒಂದೇ ದಿನ ಒಂದೇ ಮೇಜಿಗೆ ಬರಬಹುದು ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಮಣ್ಣಿನ ತೇವ ನೋಡಿಕೊಂಡು ತಾನಾಗಿ ಪಂಪ್ ಓಡಿಸುವ ಹನಿ ನೀರಾವರಿ ಸಾಧನವನ್ನು ನಾಲ್ವರು ಮಾಡಿದರು ಎನ್ನಿ. ಒಬ್ಬಳು ಸೆನ್ಸರ್ ನೋಡಿಕೊಂಡಳು. ಉಳಿದವರು ರಿಲೇ ಮತ್ತು ವೈರಿಂಗ್, ಮೊಬೈಲ್ ಆ್ಯಪ್, ತೋಟದ ಪರೀಕ್ಷೆ ಹಂಚಿಕೊಂಡರು. ಸೆನ್ಸರ್ ನೋಡಿಕೊಂಡವಳು ‘ಶೇ 30ರಷ್ಟು ನೀರು ಉಳಿಸುವ ಸಾಧನ ತಯಾರಿಕೆ’ ಎಂದು ಬರೆದಳು. ಸುಳ್ಳಲ್ಲ, ಆದರೆ ತಯಾರಿಸಿದ್ದು ಯಾರು?

ಮೊದಲು ಫಲಿತಾಂಶವನ್ನು ತಂಡದ ಹೆಸರಿನಲ್ಲೇ ಬರೆಯಿರಿ, ಅಳತೆಯ ಮಿತಿಯನ್ನೂ ಸೇರಿಸಿ: ‘ನಾಲ್ವರ ತಂಡ, ಮೂರು ವಾರ, ಎರಡು ಮಡಿಗಳ ಹೋಲಿಕೆಯಲ್ಲಿ ಶೇ 30 ನೀರು ಉಳಿತಾಯ.’ ಆ ಶೇ 30 ಯಾರೊಬ್ಬರದೂ ಅಲ್ಲ. ಅದನ್ನು ನಾಲ್ಕರಿಂದ ಭಾಗಿಸಲೂ ಬರುವುದಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಒಬ್ಬರೇ ಮಾಡಿದ್ದು, ಜೊತೆಗೂಡಿ ಮಾಡಿದ್ದು, ಕೈ ಹಾಕದೇ ಇದ್ದದ್ದು. ಹೆಚ್ಚಿನವರು ಮೂರನೆಯದನ್ನು ಖಾಲಿ ಬಿಡುತ್ತಾರೆ. ಸಂದರ್ಶನದಲ್ಲಿ ಸಿಕ್ಕಿಬೀಳುವುದೂ ಅಲ್ಲೇ. ನೆನಪಿಗೆ ಆಧಾರ ಬೇಕಿದ್ದರೆ ಕೋಡ್ ಇರುವ ಫೋಲ್ಡರಿನಲ್ಲಿ ಈ ಆಜ್ಞೆ ಕೊಡಿ:

```
git shortlog -sn
```

ಯಾರ ಹೆಸರಿನಲ್ಲಿ ಎಷ್ಟು ಕಮಿಟ್ ಇದೆ ಎಂಬುದು ಕಾಣುತ್ತದೆ. ಅದನ್ನೇ ತೀರ್ಪು ಎಂದುಕೊಳ್ಳಬೇಡಿ. ಇಬ್ಬರು ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಬರೆದದ್ದು ಒಬ್ಬರ ಲೆಕ್ಕಕ್ಕೇ ಹೋಗುತ್ತದೆ; ತೋಟದಲ್ಲಿ ಪೈಪ್ ಜೋಡಿಸಿದವರ ಹೆಸರು ಅದರಲ್ಲಿ ಬರುವುದೇ ಇಲ್ಲ.

ಈಗ ನಿಮ್ಮ ಸಾಲು ಬರೆಯಿರಿ. ‘ಸೆನ್ಸರ್ ವಿಭಾಗ ನಿರ್ವಹಣೆ’ ಎಂದರೆ ಏನೂ ತಿಳಿಯುವುದಿಲ್ಲ. ‘ಒಣ ಮಣ್ಣು, ನೀರು ಕುಡಿದ ಮಣ್ಣು ಎರಡರಲ್ಲೂ ರೀಡಿಂಗ್ ತೆಗೆದು ಸೆನ್ಸರ್ ಹೊಂದಿಸಿದೆ, ಪಂಪ್ ಯಾವ ಮಟ್ಟದಲ್ಲಿ ಚಾಲೂ ಆಗಬೇಕೆಂಬುದನ್ನು ಪರೀಕ್ಷೆ ನೋಡಿಕೊಂಡ ಗೆಳತಿಯ ಜೊತೆ ನಿರ್ಧರಿಸಿದೆ’ ಎನ್ನಿ. ಕೆಂಪು ಮಣ್ಣಿಗೆ ಹೊಂದಿಸಿದ್ದು ಎರೆ ಮಣ್ಣಿನಲ್ಲಿ ಸರಿಯಾಗಿ ಓದುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲಸ ಮಾಡಿದವಳಿಗೆ ಉತ್ತರ ಗೊತ್ತಿರುತ್ತದೆ. ಇಂಥ ಎರಡನೇ ಪ್ರಶ್ನೆಗೆ ಉತ್ತರ ಇಲ್ಲದ ಸಾಲನ್ನು ಹೊಡೆದುಹಾಕಿ.

ಇದರ ತದ್ವಿರುದ್ಧದ ತಪ್ಪೂ ಇದೆ, ಸಂಕೋಚದವರದ್ದು. ಎಲ್ಲದಕ್ಕೂ ‘ನಾವು ಮಾಡಿದ್ವಿ’ ಎನ್ನುವವರು ಏನು ಮಾಡಿದರು ಎಂಬುದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮದಕ್ಕೆ ‘ನಾನು’ ಎನ್ನಿ. ಆ್ಯಪ್ ಬಗ್ಗೆ ಕೇಳಿದರೆ, ‘ಅದು ನಮ್ಮ ತಂಡದ ಇನ್ನೊಬ್ಬರು ಮಾಡಿದ್ದು, ಸೆನ್ಸರಿನ ಅಂಕಿ ಯಾವ ರೂಪದಲ್ಲಿ ಕಳಿಸಬೇಕು ಎಂಬುದನ್ನಷ್ಟೇ ಇಬ್ಬರೂ ಮಾತಾಡಿಕೊಂಡಿದ್ದೆವು’ ಎಂದರೆ ಸಾಕು.

ರೆಸ್ಯೂಮೆ ಕಳಿಸುವ ಮುನ್ನ ಆ ಸಾಲುಗಳನ್ನು ಉಳಿದ ಮೂವರಿಗೂ ತೋರಿಸಿ. ತಕರಾರು ಬಂದರೆ ಹೆಚ್ಚಾಗಿ ಎರಡನೇ ಕಾಲಂ ಬಗ್ಗೆಯೇ ಬರುತ್ತದೆ. ಅಲ್ಲಿ ಇಬ್ಬರೂ ಒಪ್ಪುವ ಒಂದೇ ವಾಕ್ಯವನ್ನು ಇಬ್ಬರ ರೆಸ್ಯೂಮೆಗೂ ಹಾಕಿ.