ಬಸುರಿ, ಬಾಣಂತಿಯ ಕಣ್ಣು: ನಂಬರು ಬದಲಾದರೆ, ಹನಿ ಬೇಕಾದರೆ ಏಳು ಸೂತ್ರಗಳು

1. ಏಳನೇ ತಿಂಗಳಲ್ಲಿ ಹೊಸ ಕನ್ನಡಕ ಮಾಡಿಸಬೇಡಿ

ಗರ್ಭಿಣಿಯ ಮೈಯಲ್ಲಿ ನೀರು ನಿಲ್ಲುವಾಗ ಅದು ಪಾದದಲ್ಲಷ್ಟೇ ನಿಲ್ಲುವುದಿಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಕೂಡ ಹಾರ್ಮೋನುಗಳ ಪ್ರಭಾವದಿಂದ ನೀರು ಹೀರಿ ತುಸು ದಪ್ಪವಾಗುತ್ತದೆ, ಅದರ ಬಾಗು ಕೊಂಚ ಹೆಚ್ಚುತ್ತದೆ. ಬಾಗು ಹೆಚ್ಚಿದರೆ ಮೈನಸ್ ನಂಬರು ಏರುತ್ತದೆ. ಇದು ಹೆಚ್ಚಾಗಿ ಐದಾರು ತಿಂಗಳ ನಂತರ ಕಾಣುತ್ತದೆ, ಸಾಮಾನ್ಯವಾಗಿ ಒಂದು ನಂಬರನ್ನು ಮೀರುವುದಿಲ್ಲ.

ಮೈನಸ್ 3 ಕನ್ನಡಕ ಹಾಕುವ ಒಬ್ಬಾಕೆಯ ಲೆಕ್ಕ ನೋಡೋಣ. ಎಂಟನೇ ತಿಂಗಳಲ್ಲಿ ಪರೀಕ್ಷಿಸಿದಾಗ ಮೈನಸ್ 3.5 ಬಂತು ಎಂದುಕೊಳ್ಳಿ. ಹಳೆಯ ಕನ್ನಡಕದಲ್ಲಿ ಅವಳಿಗೆ ಅರ್ಧ ನಂಬರು ಕೊರತೆ. ಅಂದರೆ ಎರಡು ಮೀಟರ್ ದೂರದವರೆಗೆ ಎಲ್ಲವೂ ಸ್ಪಷ್ಟ, ಅದರಾಚೆ ಬಸ್ಸಿನ ಬೋರ್ಡು ತುಸು ಮಸುಕು. ಮನೆಯೊಳಗಿನ ಕೆಲಸಕ್ಕೆ ಇದು ಅಡ್ಡಿಯಲ್ಲ. ಆದರೆ 3.5ರ ಹೊಸ ಕನ್ನಡಕ ಮಾಡಿಸಿಬಿಟ್ಟರೆ, ಹೆರಿಗೆಯಾದ ಮೇಲೆ ಕಣ್ಣು 3ಕ್ಕೆ ಮರಳಿದಾಗ ಆ ಗಾಜು ಅಗತ್ಯಕ್ಕಿಂತ ಅರ್ಧ ನಂಬರು ಹೆಚ್ಚಾಗಿರುತ್ತದೆ. ಮಗುವಿನ ಮುಖ, ಮೊಬೈಲು, ಪುಸ್ತಕ, ಹತ್ತಿರದ್ದೇನು ನೋಡಿದರೂ ಕಣ್ಣು ದುಡಿದು ದಣಿಯುತ್ತದೆ, ತಲೆ ನೋಯುತ್ತದೆ. ದಿನವೂ ಸ್ಕೂಟರ್ ಓಡಿಸಲೇಬೇಕಾದವರು ಮಾತ್ರ ಹಳೆಯ ಫ್ರೇಮಿಗೇ ಕಡಿಮೆ ಬೆಲೆಯ ಗಾಜು ಹಾಕಿಸಿಕೊಂಡು, ಹಳೆಯ ಗಾಜನ್ನು ಜೋಪಾನವಾಗಿ ಎತ್ತಿಡಲಿ.

2. ಮಸುಕು ನಂಬರಿನದೋ ಬೇರೆಯದೋ, ಮನೆಯಲ್ಲೇ ಸುಳಿವು ಪಡೆಯಿರಿ

ಒಂದು ದಪ್ಪ ರಟ್ಟಿಗೆ ಸೂಜಿಯಿಂದ ತೂತು ಮಾಡಿ. ಕನ್ನಡಕ ಹಾಕಿಕೊಂಡೇ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಆ ತೂತಿನ ಮೂಲಕ ಗೋಡೆಯ ಕ್ಯಾಲೆಂಡರ್ ನೋಡಿ. ಅಕ್ಷರ ಚೊಕ್ಕವಾದರೆ ತೊಂದರೆ ಬಹುಮಟ್ಟಿಗೆ ನಂಬರಿನದು. ತೂತಿನಿಂದಲೂ ಮಸುಕಾಗಿಯೇ ಇದ್ದರೆ ಆ ವಾರವೇ ನೇತ್ರವೈದ್ಯರನ್ನು ಕಾಣಿ. ಆಮೇಲೆ ರಟ್ಟು ತೆಗೆದು, ಒಂದೊಂದೇ ಕಣ್ಣಿನಿಂದ ಕಿಟಕಿಯ ಸರಳುಗಳನ್ನು ನೋಡಿ. ನೇರ ಸರಳು ಸೊಟ್ಟಗೆ ಕಂಡರೆ, ನಡುವೆ ಬೂದು ಮಚ್ಚೆ ಕಂಡರೆ, ಅಕ್ಷಿಪಟಲದ ಅಡಿಯಲ್ಲಿ ನೀರು ಸೇರಿರಬಹುದು. ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ಹೀಗಾಗುವುದುಂಟು. ಹೆರಿಗೆಯ ನಂತರ ಹೆಚ್ಚಿನವರಲ್ಲಿ ತಾನೇ ಇಳಿಯುತ್ತದೆ, ಆದರೂ ವೈದ್ಯರು ನೋಡಿಯೇ ಹಾಗೆಂದು ಹೇಳಬೇಕು.

ನಂಬರು ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಆಗುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತದ ಸಕ್ಕರೆ ಏರಿಳಿದಂತೆ ಕಣ್ಣಿನ ಒಳಮಸೂರವೂ ಬದಲಾಗುತ್ತದೆ. ಬಸಿರಿಗೂ ಮೊದಲೇ ಸಕ್ಕರೆ ಕಾಯಿಲೆ ಇದ್ದವರು ಮೊದಲ ಮೂರು ತಿಂಗಳೊಳಗೇ ಅಕ್ಷಿಪಟಲ ತೋರಿಸಬೇಕು. ಅವರ ರೆಟಿನೋಪತಿ ಬಸಿರಿನಲ್ಲಿ ಬೇಗ ಹೆಚ್ಚಬಹುದು.

3. ಕಣ್ಣು ಒಣಗಿದರೆ ಮೊದಲು ಹೊಗೆಯಿಂದ ದೂರ ಇರಿ

ಬಸಿರಿನಲ್ಲೂ ಬಾಣಂತನದಲ್ಲೂ ಕಣ್ಣೀರಿನ ಗುಣ ಬದಲಾಗಿ ಉರಿ, ಮರಳು ಹೊಕ್ಕಂತಹ ಚುಚ್ಚು ಬರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಒತ್ತಿದಂತಾಗುತ್ತದೆ. ಆಗ ಲೆನ್ಸ್ ಬಿಟ್ಟು ಕನ್ನಡಕಕ್ಕೆ ಬನ್ನಿ. ನಮ್ಮ ಮನೆಗಳಲ್ಲಿ ಬಾಣಂತಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಾರೆ. ಒಣಗಿದ ಕಣ್ಣಿಗೆ ಅದು ಉರಿಯ ಮೇಲೆ ಉರಿ. ಅಜ್ಜಿಗೆ ನೋವಾಗದಂತೆ ಹೇಳಿ, ಕೂದಲನ್ನು ಬಟ್ಟೆಯಿಂದ ಒಣಗಿಸಿಕೊಳ್ಳಿ. ಮಗುವಿನ ಉಸಿರಿಗೂ ಒಳ್ಳೆಯದು. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಓದುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಉರಿ ಹೆಚ್ಚಬಹುದು, ಅಷ್ಟೇ.

4. ಹನಿ ಹಾಕುವ ಕ್ರಮ ಕಲಿಯಿರಿ

ಕಣ್ಣಿಗೆ ಹಾಕಿದ ಔಷಧ ಹಾಲಿಗೆ ಹೇಗೆ ಸೇರುತ್ತದೆ ಎಂದು ಹಲವರಿಗೆ ಅಚ್ಚರಿ. ಬಾಟಲಿಯ ಒಂದು ಹನಿಯಷ್ಟನ್ನು ಪೂರ್ತಿ ಹಿಡಿದಿಡುವ ಜಾಗ ಕಣ್ಣಿನಲ್ಲಿಲ್ಲ. ಮಿಕ್ಕದ್ದು ಮೂಗಿನ ಬದಿಯ ಮೂಲೆಯ ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತ ಸೇರುತ್ತದೆ. ನುಂಗಿದ ಮಾತ್ರೆಯಂತೆ ಮೊದಲು ಯಕೃತ್ತನ್ನು ಹಾದು ಹೋಗುವುದಿಲ್ಲ. ಆದ್ದರಿಂದಲೇ ಆ ದಾರಿ ಮುಚ್ಚಬೇಕು.

ಮಗುವಿಗೆ ಹಾಲು ಕುಡಿಸಿ ಮಲಗಿಸಿದ ಮೇಲೆ ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ತೋರುಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಹೊರಗೆ ಚೆಲ್ಲಿದ್ದನ್ನು ಒರೆಸಿ. ಗಂಟಲಲ್ಲಿ ಕಹಿ ಬಂದರೆ ಬೆರಳು ಸರಿಯಾದ ಜಾಗದಲ್ಲಿ ಇರಲಿಲ್ಲ ಎಂದರ್ಥ.

5. ಹಾಲೂಡಿಸುವಾಗ ಯಾವ ಹನಿ ನಡೆಯುತ್ತದೆ

ಕೃತಕ ಕಣ್ಣೀರು, ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ತರಹದ್ದು, ನಿಶ್ಚಿಂತೆಯಾಗಿ ಹಾಕಿಕೊಳ್ಳಬಹುದು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಅಲರ್ಜಿಯ ತುರಿಕೆಗೆ ಒಲೊಪಟಡಿನ್ ಅಥವಾ ಸೋಡಿಯಂ ಕ್ರೋಮೊಗ್ಲೈಕೇಟ್ ಹನಿಗಳನ್ನೂ, ಕೀವು ಬರುವ ಕೆಂಗಣ್ಣಿಗೆ ಟೋಬ್ರಮೈಸಿನ್, ಮಾಕ್ಸಿಫ್ಲಾಕ್ಸಸಿನ್ ಹನಿಗಳನ್ನೂ ವೈದ್ಯರು ಹಾಲೂಡಿಸುವವರಿಗೂ ಬರೆಯುತ್ತಾರೆ. ಕಣ್ಣಿನಿಂದ ರಕ್ತಕ್ಕೆ ಸೇರುವ ಪ್ರಮಾಣ ತೀರ ಅಲ್ಪ. ಪಾಪೆ ಅಗಲಿಸಲು ಆಸ್ಪತ್ರೆಯಲ್ಲಿ ಒಮ್ಮೆ ಹಾಕುವ ಟ್ರೊಪಿಕಮೈಡ್‌ಗೆ ಹಾಲು ನಿಲ್ಲಿಸಬೇಕಿಲ್ಲ.

6. ಯಾವುದಕ್ಕೆ ಎಚ್ಚರ

ಎಲ್ಲಕ್ಕಿಂತ ಮುಖ್ಯ ಹೆಸರು ಬ್ರಿಮೊನಿಡಿನ್. ಗ್ಲಾಕೋಮಾಕ್ಕೆ ಕೊಡುವ ಈ ಹನಿ ಎಳೆಮಕ್ಕಳಲ್ಲಿ ಮಂಪರು ತರಿಸಿ ಉಸಿರನ್ನೇ ತಡೆಯಬಲ್ಲದು, ಎರಡು ವರ್ಷದೊಳಗಿನ ಮಕ್ಕಳ ಕಣ್ಣಿಗೆ ಇದು ನಿಷಿದ್ಧ. ಹಾಲೂಡಿಸುವ ತಾಯಿಗೂ ಇದು ಬೇಡ. ಟಿಮೊಲಾಲ್ ಹಾಲಿಗೆ ಸೇರಿ ಮಗುವಿನ ನಾಡಿಯನ್ನು ನಿಧಾನ ಮಾಡಬಹುದು. ತಿಂಗಳು ತುಂಬದೆ ಹುಟ್ಟಿದ ಮಗುವಿದ್ದರೆ ಇನ್ನೂ ಎಚ್ಚರ ಬೇಕು. ಇವೆರಡೂ ಒಂದೇ ಬಾಟಲಿಯಲ್ಲಿ ಬೆರೆತು ಬರುವುದುಂಟು, ಆದ್ದರಿಂದ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಆದರೆ ಹೆದರಿ ಗ್ಲಾಕೋಮಾ ಹನಿಯನ್ನು ನೀವೇ ನಿಲ್ಲಿಸಬೇಡಿ, ಹೋದ ದೃಷ್ಟಿ ಮರಳುವುದಿಲ್ಲ. ಹೆರಿಗೆಗೆ ಮೊದಲೇ ವೈದ್ಯರಿಂದ ಔಷಧ ಬದಲಿಸಿಕೊಳ್ಳಿ.

ಕ್ಲೋರಾಂಫೆನಿಕಾಲ್ ಹಳೆಯ, ಅಗ್ಗದ ಹನಿ. ಬೇರೆ ಆಯ್ಕೆ ಇರುವಾಗ ಅದನ್ನು ಬಿಡುವುದೇ ಮೇಲು. ಅಂಗಡಿಯವರು ಕೆಂಗಣ್ಣಿಗೆಂದು ಕೊಡುವ ಡೆಕ್ಸಾಮೆಥಾಸೋನ್ ಬೆರೆತ ಹನಿಯಿಂದ ಮಗುವಿಗಿಂತ ತಾಯಿಯ ಕಣ್ಣಿಗೇ ಹಾನಿ ಹೆಚ್ಚು: ಕಣ್ಣಿನ ಒತ್ತಡ ಏರಬಹುದು, ಹರ್ಪಿಸ್ ಸೋಂಕಿದ್ದರೆ ಕೆರಳಬಹುದು. ಕೆಂಪು ಮಾಯ ಮಾಡುವ ನ್ಯಾಫಜೋಲಿನ್ ಹನಿಯನ್ನು ದಿನಗಟ್ಟಲೆ ಹಾಕಿದರೆ, ಬಿಟ್ಟ ಕೂಡಲೇ ಕೆಂಪು ಇಮ್ಮಡಿಸಿ ಬರುತ್ತದೆ.

7. ಕಾಯುವುದು ಎಷ್ಟು, ಓಡುವುದು ಯಾವಾಗ

ಐದು ತಿಂಗಳು ದಾಟಿದ ಬಸುರಿಗೆ, ಹೆರಿಗೆಯಾಗಿ ಆರು ವಾರದೊಳಗಿನ ಬಾಣಂತಿಗೆ ಕಣ್ಣ ಮುಂದೆ ಮಿಂಚು ಹೊಡೆದಂತಾದರೆ, ಒಂದು ಎರಡಾಗಿ ಕಂಡರೆ, ನೋಟ ಕತ್ತಲಿಟ್ಟರೆ, ಜೊತೆಗೆ ತಲೆ ಸಿಡಿಯುವ ನೋವು ಅಥವಾ ಪಕ್ಕೆಲುಬಿನ ಕೆಳಗೆ ಬಲಬದಿ ನೋವಿದ್ದರೆ, ಅದು ಕನ್ನಡಕದ ಅಂಗಡಿಗೆ ಹೋಗುವ ಹೊತ್ತಲ್ಲ. ತಾಯಿ ಕಾರ್ಡ್ ಹಿಡಿದು ಅದೇ ಗಂಟೆಯಲ್ಲಿ ಹೆರಿಗೆ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿ. 140/90 ಅಥವಾ ಮೇಲಿದ್ದರೆ ಪ್ರಿಎಕ್ಲಾಂಪ್ಸಿಯಾದ ಶಂಕೆ, ನಂಜು ಮೂರ್ಛೆಗೆ ತಿರುಗಬಹುದು.

ಇಂತಹದ್ದೇನೂ ಇಲ್ಲದೆ ಬರೀ ನಂಬರಿನ ಮಸುಕಾದರೆ, ಹೆರಿಗೆಯಾಗಿ ಎರಡು ತಿಂಗಳ ಮೇಲೆ ಒಮ್ಮೆ ಪರೀಕ್ಷಿಸಿ. ಹಳೆಯ ನಂಬರಿಗೆ ಮರಳದಿದ್ದರೂ ಹಾಲು ಬಿಡಿಸುವವರೆಗೆ ಕಾಯಬಹುದು, ಹಾಲೂಡಿಸುವಾಗ ಹಾರ್ಮೋನುಗಳು ಇನ್ನೂ ನೆಲೆಗೆ ಬಂದಿರುವುದಿಲ್ಲ. ಲೇಸಿಕ್ ಮಾಡಿಸುವ ಆಸೆಯಿದ್ದರೆ ಹಾಲು ಬಿಡಿಸಿ ಕನಿಷ್ಠ ಮೂರು ತಿಂಗಳು ಕಳೆಯಲಿ. ನಡುವೆ ಕೆಲ ವಾರ ಬಿಟ್ಟು ಎರಡು ಸಲ ಪರೀಕ್ಷಿಸಿ, ಎರಡೂ ಸಲ ಒಂದೇ ನಂಬರು ಬಂದ ಮೇಲೆ ದಿನ ಗೊತ್ತುಮಾಡಿ.